ರೆಸಿಪಿ ಕೆಳಗೆ ಬರೀ ‘ಸ್ಕೇಲ್’ ಅಂತ ಇದ್ದರೆ ಏನು ಮಾಡಬೇಕು?

ಪ್ರಶ್ನೆ: ನಮ್ಮದು ಗಂಗಾವತಿ. ಬರುವ ಭಾನುವಾರ ಮಾವನವರ 70ನೇ ಹುಟ್ಟುಹಬ್ಬ, ಮೂವತ್ತು ಜನ ಆಗ್ತಾರೆ. ಅಮೆರಿಕದಲ್ಲಿರೋ ನಾದಿನಿ ಒಂದು ಬೆಣ್ಣೆ ಕೇಕಿನ ರೆಸಿಪಿ ಪೇಸ್ಟ್ ಮಾಡಿ ಕಳಿಸಿ, ಕೆಳಗೆ ‘ಸ್ಕೇಲ್’ ಅಂತ ಒಂದೇ ಪದ ಬರೆದು ವಿಮಾನ ಹತ್ತಿದ್ದಾಳೆ. ರೆಸಿಪಿಯಲ್ಲಿ ಇರೋದು ಹೀಗೆ: ಮೈದಾ 3 ಕಪ್, ಸಕ್ಕರೆ 2 ಕಪ್, ಬೆಣ್ಣೆ 1 ಕಪ್, ಮೊಟ್ಟೆ 4, ಹಾಲು 1 ಕಪ್, ಬೇಕಿಂಗ್ ಪೌಡರ್ 1 ಟೇಬಲ್ ಚಮಚ, ಉಪ್ಪು ಅರ್ಧ ಟೀ ಚಮಚ, ವೆನಿಲಾ 2 ಟೀ ಚಮಚ. 9×13 ಇಂಚಿನ ಟ್ರೇ, 350 ಡಿಗ್ರಿ, 35–40 ನಿಮಿಷ, 24 ಜನಕ್ಕೆ. ನನ್ನ ಹತ್ತಿರ ಇರೋದು 8 ಇಂಚಿನ ದುಂಡನೆ ಟಿನ್ ಒಂದು, ಸಣ್ಣ ಓಟಿಜಿ ಒಂದು. ಮೂವತ್ತು ಜನಕ್ಕೆ ಲೆಕ್ಕ ಹಾಕಿ ಹೆಚ್ಚಿಸಲಾ, ಕಪ್ಪನ್ನ ಗ್ರಾಂ ಮಾಡಲಾ, ಟಿನ್‌ಗೆ ತಕ್ಕಂತೆ ಕಮ್ಮಿ ಮಾಡಲಾ? ನಮ್ಮನೆಯವರು ‘ಸ್ಕೇಲ್ ಅಂದ್ರೆ ತಕ್ಕಡಿ, ಎಲ್ಲಾ ತೂಕ ಮಾಡು ಅಂತ ಅರ್ಥ’ ಅಂತಾರೆ.

ಉತ್ತರ: ನಿಮ್ಮ ಯಜಮಾನರನ್ನು ನೋಡಿ ನಗಬೇಡಿ. ಬೇಕರಿಯವರ ಬಾಯಲ್ಲಿ ಸ್ಕೇಲಿಂಗ್ ಅಂದರೆ ತೂಕ ಹಾಕುವುದೇ. ಹಿಟ್ಟು ಕಲಸಿದ ಮೇಲೆ ಒಂದೊಂದು ಟಿನ್‌ಗೆ ಎಷ್ಟೆಷ್ಟು ಗ್ರಾಂ ಅಂತ ತೂಗಿ ಹಾಕುವುದಕ್ಕೂ ಅದೇ ಮಾತು. ಮನೆಯಲ್ಲಿ ಅಡುಗೆ ಮಾಡುವವರು ಅದೇ ಪದವನ್ನು ಪ್ರಮಾಣ ಹೆಚ್ಚು ಕಮ್ಮಿ ಮಾಡು ಅನ್ನೋದಕ್ಕೆ ಬಳಸುತ್ತಾರೆ. ಟಿನ್ ಅಳೆಯೋಕೆ ಹೋದರೆ ಮಕ್ಕಳ ಜಾಮೆಟ್ರಿ ಬಾಕ್ಸಿನಲ್ಲಿರೋದೂ ಸ್ಕೇಲೇ! ನಾದಿನಿ ಮನಸ್ಸಿನಲ್ಲಿ ಯಾವುದಿತ್ತೋ ಅವರು ವಿಮಾನ ಇಳಿಯುವ ತನಕ ಗೊತ್ತಾಗಲ್ಲ. ಆದರೆ ಅದು ಗೊತ್ತಾಗಲೇಬೇಕು ಅಂತೇನಿಲ್ಲ. ಕೆಲಸವನ್ನು ಸರಿಯಾದ ಕ್ರಮದಲ್ಲಿ ಮಾಡಿದರೆ ಅವರು ಯಾವ ಅರ್ಥದಲ್ಲಿ ಬರೆದಿದ್ದರೂ ಕೇಕ್ ಸರಿಯಾಗಿಯೇ ಬರುತ್ತದೆ.

ನೀವು ಕೇಳಿದ ಮೂರು ಒಂದೇ ಜಾತಿಯ ಕೆಲಸಗಳಲ್ಲ. ಕಪ್ಪನ್ನು ಗ್ರಾಂ ಮಾಡಿದರೆ ಕೇಕ್ ದೊಡ್ಡದೂ ಆಗಲ್ಲ, ಚಿಕ್ಕದೂ ಆಗಲ್ಲ. ಅದು ಬರೀ ಭಾಷೆ ಬದಲಾಯಿಸಿದ ಹಾಗೆ. ಹಾಗಾಗಿ ಅದನ್ನು ಮೊದಲು ಮಾಡಿ, ನಷ್ಟವೇನಿಲ್ಲ. ಉಳಿದ ಎರಡು, ಅಂದರೆ ಜನ ಮತ್ತು ಟಿನ್, ನಿಜವಾಗಿ ಪ್ರಮಾಣ ಬದಲಾಯಿಸುತ್ತವೆ, ಮತ್ತೆ ನಿಮ್ಮ ವಿಷಯದಲ್ಲಿ ಎರಡೂ ಒಂದೊಂದು ದಿಕ್ಕಿಗೆ ಎಳೀತಿವೆ. ಜನದ ಲೆಕ್ಕ ಕಾಲು ಭಾಗ ಹೆಚ್ಚಿಸು ಅನ್ನುತ್ತೆ, ಟಿನ್ ಅರ್ಧಕ್ಕಿಂತ ಕಮ್ಮಿ ಮಾಡು ಅನ್ನುತ್ತೆ. ಗೊಂದಲ ಆಗಿರೋದು ಇಲ್ಲೇ.

ಇದು ಮಂಡಕ್ಕಿ ಒಗ್ಗರಣೆಯೋ ಪಲಾವೋ ಆಗಿದ್ದರೆ ನಾನು ಕಣ್ಣು ಮುಚ್ಚಿಕೊಂಡು ಜನದ ಲೆಕ್ಕ ಹಿಡೀರಿ ಅಂತಿದ್ದೆ. ಪಾತ್ರೆ ಸಾಲದಿದ್ದರೆ ದೊಡ್ಡ ಬೋಗುಣಿ ಇಟ್ಟರಾಯ್ತು, ನಡುನಡುವೆ ಕೈಯಾಡಿಸ್ತೀವಿ, ಉಪ್ಪು ಖಾರ ರುಚಿ ನೋಡಿ ಸರಿ ಮಾಡ್ತೀವಿ. ಕೇಕಿಗೆ ಆ ಸೌಲಭ್ಯ ಇಲ್ಲ. ಒಳಗೆ ಇಟ್ಟ ಮೇಲೆ ಕೈಯಾಡಿಸೋಕಾಗಲ್ಲ. ಶಾಖ ಟಿನ್ನಿನ ಬದಿಯಿಂದ, ತಳದಿಂದ, ಮೇಲಿನಿಂದ ನಿಧಾನವಾಗಿ ನಡು ತನಕ ಹೋಗಬೇಕು. ಹಿಟ್ಟು ಎಷ್ಟು ದಪ್ಪ ನಿಂತಿದೆ ಅನ್ನೋದೇ ಅಲ್ಲಿ ಎಲ್ಲವನ್ನೂ ತೀರ್ಮಾನ ಮಾಡುತ್ತೆ. ಹಾಗಾಗಿ ಕೇಕಿನಲ್ಲಿ ಟಿನ್ನೇ ಯಜಮಾನ. ಜನ ಜಾಸ್ತಿ ಇದ್ದರೆ ಟಿನ್‌ಗಳ ಸಂಖ್ಯೆ ಹೆಚ್ಚಿಸಬೇಕು, ಟಿನ್ನಿನೊಳಗಿನ ಹಿಟ್ಟನ್ನಲ್ಲ.

ಇದನ್ನು ನಾನು ಕಲಿತದ್ದು ಪುಸ್ತಕ ಓದಿ ಅಲ್ಲ. ಬಳ್ಳಾರಿಯಲ್ಲಿ ಮನೆಯಿಂದಲೇ ಆರ್ಡರ್ ತಗೊಳ್ಳೋಕೆ ಶುರು ಮಾಡಿದ ಹೊಸದರಲ್ಲಿ ಒಂದು ಕೇಕನ್ನು ದುಪ್ಪಟ್ಟು ಮಾಡಿ ಅಂತ ಬಂತು. ನಾನು ಎಲ್ಲವನ್ನೂ ದುಪ್ಪಟ್ಟು ಮಾಡಿ, ಇದ್ದ ಒಂದು ಎತ್ತರದ ಟಿನ್‌ಗೆ ಸುರಿದು, ಸಮಯವನ್ನೂ ದುಪ್ಪಟ್ಟು ಮಾಡಿ ಕೂತೆ. ಮೇಲೆ ಕಂದು ಬಣ್ಣ ಬಂತು, ಬಿರುಕು ಬಿಡ್ತು, ಸುತ್ತ ಒಣಗಿ ರಸ್ಕ್ ಥರ ಆಯ್ತು, ನಡುವೆ ಚಾಕು ಹಾಕಿದರೆ ಹಸಿ ಹಿಟ್ಟು ಹರೀತು. ದಪ್ಪ ದುಪ್ಪಟ್ಟಾದರೆ ಶಾಖ ನಡು ಮುಟ್ಟೋ ಸಮಯ ದುಪ್ಪಟ್ಟಿಗಿಂತ ಜಾಸ್ತಿ ಆಗುತ್ತೆ, ಅಷ್ಟರಲ್ಲಿ ಅಂಚು ಸುಟ್ಟಿರುತ್ತೆ. ಉರಿ ಹೆಚ್ಚಿಸಿದರೆ ಅಂಚು ಇನ್ನೂ ಬೇಗ ಸುಡುತ್ತೆ, ಅಷ್ಟೆ.

ಈಗ ನಿಮ್ಮ ಕೇಕಿಗೆ ಬರೋಣ. ಮೊದಲು ಕಪ್ಪು. ಅಮೆರಿಕದ ಕಪ್ ಸುಮಾರು 240 ಮಿಲಿ. ನಮ್ಮ ಅಂಗಡಿಗಳಲ್ಲಿ ಸಿಗೋ ಅಳತೆ ಕಪ್ಪುಗಳ ಸೆಟ್ಟಿನಲ್ಲಿ 240ರದ್ದೂ ಇದೆ, 250ರದ್ದೂ ಇದೆ, ತಳದಲ್ಲಿ ಬರೆದಿರುತ್ತೆ ನೋಡಿ. ಟೀ ಕುಡಿಯೋ ಕಪ್ಪು, ಸ್ಟೀಲ್ ಲೋಟ ಯಾವುದೂ ಲೆಕ್ಕಕ್ಕಿಲ್ಲ. ಆದರೆ ನಿಜವಾದ ತೊಂದರೆ ಈ 10 ಮಿಲಿ ಅಲ್ಲ, ಮೈದಾ. ಸೇರಿನ ವಿಷಯ ನಿಮಗೆ ಗೊತ್ತಲ್ವಾ, ಅದು ತುಂಬೋ ಅಳತೆ, ತೂಕ ಅಲ್ಲ. ಒಂದು ಸೇರು ಜೋಳ, ಒಂದು ಸೇರು ಜೋಳದ ಹಿಟ್ಟು ತೂಗಿದರೆ ಒಂದೇ ಬರಲ್ಲ. ಹಿಟ್ಟನ್ನು ಒತ್ತಿ ತುಂಬಿದರೆ ಒಂದು ತೂಕ, ಉದುರಿಸಿದರೆ ಇನ್ನೊಂದು. ಕಪ್ಪೂ ಅದೇ ಥರ. ಚಮಚದಲ್ಲಿ ಉದುರಿಸಿ ಮೇಲೆ ಸಮ ಮಾಡಿದ ಒಂದು ಕಪ್ ಮೈದಾ ಸುಮಾರು 125 ಗ್ರಾಂ. ಕಪ್ಪನ್ನೇ ಡಬ್ಬಿಗೆ ಅದ್ದಿ ಎತ್ತಿದರೆ 150 ಗ್ರಾಂ ತನಕ ಹೋಗುತ್ತೆ. ಮೂರು ಕಪ್ಪಿಗೆ 75 ಗ್ರಾಂ ಹೆಚ್ಚು ಕಮ್ಮಿ, ಅಂದರೆ ಅರ್ಧ ಕಪ್ಪಿಗಿಂತ ಜಾಸ್ತಿ ಮೈದಾ ಗೊತ್ತಿಲ್ಲದೇ ಸೇರಿಬಿಡುತ್ತೆ. ಕೇಕ್ ಗಟ್ಟಿಯಾಯ್ತು, ಒಣಗಿತು ಅಂತ ನನ್ನ ಹತ್ತಿರ ಬರೋರಲ್ಲಿ ಮುಕ್ಕಾಲು ಪಾಲು ಜನರ ತಪ್ಪು ಇದೇ. ಹಾಗಾಗಿ ಮೈದಾ, ಸಕ್ಕರೆ, ಬೆಣ್ಣೆ ಮೂರನ್ನೂ ತೂಗಿ, ನಿಮ್ಮ ಯಜಮಾನರ ಮಾತು ಇಲ್ಲಿ ಗೆದ್ದಿತು. ಬೇಕಿಂಗ್ ಪೌಡರ್, ಉಪ್ಪು ಮಾತ್ರ ಅಳತೆ ಚಮಚದಲ್ಲೇ ಇರಲಿ, ಮನೆಯ ಡಿಜಿಟಲ್ ತಕ್ಕಡಿ ಎರಡು ಮೂರು ಗ್ರಾಂಗೆ ಅಷ್ಟು ನಂಬಿಕೆಗೆ ಯೋಗ್ಯ ಅಲ್ಲ.

ಇಡೀ ರೆಸಿಪಿ ಗ್ರಾಂನಲ್ಲಿ ಹೀಗಾಗುತ್ತೆ: ಮೈದಾ 375, ಸಕ್ಕರೆ 400, ಬೆಣ್ಣೆ 227. ಹಾಲು 240 ಮಿಲಿ. ಮೊಟ್ಟೆ ನಾಲ್ಕು ಅಂದರೆ ಅಲ್ಲಿನ ದೊಡ್ಡ ಮೊಟ್ಟೆ, ಸಿಪ್ಪೆ ತೆಗೆದ ಮೇಲೆ ಒಂದು 50 ಗ್ರಾಂ ಲೆಕ್ಕ. ನಮ್ಮಲ್ಲಿ ಸಿಗೋದು ಎಷ್ಟೋ ಸಲ ಅದಕ್ಕಿಂತ ಚಿಕ್ಕದು. ಅಂದಹಾಗೆ ಬೆಣ್ಣೆ, ಸಕ್ಕರೆ, ಮೈದಾ, ಮೊಟ್ಟೆ 1, 2, 3, 4 ಅಂತ ಸಾಲಾಗಿ ಬಂದಿವೆ ನೋಡಿ. ನೆನಪಿಡೋಕೆ ಸುಲಭ ಅಂತ ಅಮೆರಿಕದ ಮನೆಗಳಲ್ಲಿ ಬಹಳ ಹಳೆಯ ಕಾಲದಿಂದ ಇರೋ ಲೆಕ್ಕ ಇದು. ರೆಸಿಪಿ ನಂಬಬಹುದು.

ಬಿಸಿಯ ಲೆಕ್ಕವೂ ಇಲ್ಲೇ ಮುಗಿಸಿಬಿಡೋಣ. ಆ 350 ಫ್ಯಾರನ್‌ಹೀಟ್, ನಮ್ಮ ಲೆಕ್ಕದಲ್ಲಿ 177 ಸೆಲ್ಸಿಯಸ್. ಓಟಿಜಿಯ ಗುಂಡಿಯನ್ನು 175ರ ಹತ್ತಿರ ಇಡಿ. ಪ್ರಮಾಣ ಏನೇ ಬದಲಾದರೂ ಇದನ್ನು ಅರ್ಧ ಮಾಡೋದು, ದುಪ್ಪಟ್ಟು ಮಾಡೋದು ಇಲ್ಲ.

ಆಮೇಲೆ ಟಿನ್. ಇಲ್ಲಿ ಜನ ಎಡವೋದು ಇಂಚಿನಲ್ಲಿ. 6 ಇಂಚಿನ ಟಿನ್ 8 ಇಂಚಿನದರ ಮುಕ್ಕಾಲು ಅಂದುಕೊಳ್ತಾರೆ, ಅದು ಅರ್ಧಕ್ಕಿಂತ ಸ್ವಲ್ಪವೇ ಜಾಸ್ತಿ. ನೋಡಬೇಕಾದ್ದು ಅಗಲ ಅಲ್ಲ, ತಳದ ವಿಸ್ತಾರ. ನಾದಿನಿಯ ಟ್ರೇ 9×13, ಅಂದರೆ 117 ಚದರ ಇಂಚು. ನಿಮ್ಮ ದುಂಡನೆ ಟಿನ್ನಿನಲ್ಲಿ ನಡುವಿನಿಂದ ಅಂಚಿಗೆ 4 ಇಂಚು. ನಾಲ್ಕು ನಾಲ್ಕಲೆ ಹದಿನಾರು, ಅದನ್ನು 3.14ರಿಂದ ಗುಣಿಸಿದರೆ 50 ಚದರ ಇಂಚು. ಐವತ್ತನ್ನು 117ರಿಂದ ಭಾಗಿಸಿದರೆ 0.43. ಅದೇ ದಪ್ಪದ ಕೇಕ್ ಬೇಕಾದರೆ ನಿಮ್ಮ ಟಿನ್‌ಗೆ ರೆಸಿಪಿಯ ನೂರರಲ್ಲಿ 43 ಭಾಗ ಸಾಕು ಅಂತ ಅರ್ಥ. ಟಿನ್ ಅಳೆಯುವಾಗ ಒಳಗಿನ ಅಂಚಿನಿಂದ ಒಳಗಿನ ಅಂಚಿಗೆ ಅಳೆಯಿರಿ, ಹೊರಗಿನ ಮಡಿಕೆ ಸೇರಿಸಬೇಡಿ. ಅಂಗಡಿಯವರು ‘ಒಂದು ಕೇಜಿ ಟಿನ್’ ಅಂತ ಕೊಟ್ಟಿದ್ದರೆ ಆ ಮಾತು ಬಿಟ್ಟುಬಿಡಿ, ಅದು ಕ್ರೀಮ್ ಎಲ್ಲ ಹಚ್ಚಿದ ಮೇಲಿನ ಕೇಕಿನ ಲೆಕ್ಕ.

ಆದರೆ 0.43 ಅಂತ ಹಿಡಿದು ಕೂತರೆ ಮೊಟ್ಟೆ 1.7 ಬರುತ್ತೆ. ಅದನ್ನು ಒಡೆದು, ಕದಡಿ, ತೂಗಿ, ಉಳಿದದ್ದನ್ನು ಬೆಳಗ್ಗೆ ಆಮ್ಲೆಟ್‌ಗೆ ಅಂತ ಇಟ್ಟುಕೊಂಡು... ಬೇಡ ಬಿಡಿ. ನಾನು ಯಾವಾಗಲೂ ಮೊಟ್ಟೆ ಪೂರ್ತಿ ಬರೋ ಕಡೆಗೆ ಲೆಕ್ಕ ತಿರುಗಿಸ್ತೀನಿ. ಅರ್ಧ ರೆಸಿಪಿ, ಎರಡು ಮೊಟ್ಟೆ. ಆಗ ಕೇಕ್ ನಾದಿನಿಯದಕ್ಕಿಂತ ಸುಮಾರು ಆರನೇ ಒಂದು ಭಾಗ ದಪ್ಪ ಆಗುತ್ತೆ. ಟಿನ್ ಅದನ್ನು ತಡೆಯುತ್ತಾ ಅಂತ ನೋಡಬೇಕಲ್ವಾ? ನಿಮ್ಮ ಟಿನ್ನಿನ ಎತ್ತರ 2 ಇಂಚು ಇದ್ದರೆ ಅದಕ್ಕೆ ಸುಮಾರು 1,600 ಮಿಲಿ ನೀರು ಹಿಡಿಯುತ್ತೆ. ಅರ್ಧ ರೆಸಿಪಿಯ ಹಿಟ್ಟು ತೂಕದಲ್ಲಿ 730 ಗ್ರಾಂ ಹತ್ತಿರ, ಟಿನ್ನಿನಲ್ಲಿ ಸುಮಾರು ಅರ್ಧಕ್ಕೆ ನಿಲ್ಲುತ್ತೆ. ಅರ್ಧದಿಂದ ಮೂರನೇ ಎರಡು ಭಾಗದ ತನಕ ತುಂಬಿದರೆ ಕೇಕ್ ಹೊರಗೆ ಉಕ್ಕದೆ ಏಳುತ್ತೆ. ಹಾಗಾಗಿ ಸರಿ ಹೋಯ್ತು. ನಿಮ್ಮ ಟಿನ್ ಒಂದೂವರೆ ಇಂಚಿನ ತಗ್ಗಿನದಾಗಿದ್ದರೆ ಮಾತ್ರ ಒಂದೆರಡು ಸೌಟು ಹಿಟ್ಟು ಕಪ್ ಕೇಕ್‌ಗೆ ತೆಗೆದಿಡಿ.

ಕೊನೆಗೆ ಜನ. ಆ ಟ್ರೇಯಲ್ಲಿ 24 ತುಂಡು ಅಂದರೆ ಒಂದೊಂದು 5 ಚದರ ಇಂಚಿಗೆ ಸ್ವಲ್ಪ ಕಮ್ಮಿ, ಸುಮಾರು ಎರಡೂಕಾಲು ಇಂಚಿನ ಚೌಕ ಅನ್ನಿ. ಮೂವತ್ತು ಜನಕ್ಕೆ ಅದೇ ತುಂಡು ಕೊಡೋಕೆ ಸುಮಾರು 146 ಚದರ ಇಂಚು ಕೇಕ್ ಬೇಕು. ನಿಮ್ಮ 8 ಇಂಚಿನದು ಮೂರು ಇಟ್ಟರೆ 150. ಅಂದರೆ ಅರ್ಧ ರೆಸಿಪಿಯನ್ನು ಮೂರು ಸಲ. ಒಂದೊಂದು ಕೇಕಿನಲ್ಲಿ ಹತ್ತು ತುಂಡು, ಮೂವತ್ತು ಜನ ಮುಗೀತು. ಮಕ್ಕಳು ಎರಡೆರಡು ತಗೊಳ್ತಾರೆ ಅನ್ನೋ ಭಯ ಇದ್ದರೆ ಹನ್ನೆರಡು ತುಂಡು ಮಾಡಿ, ದಪ್ಪ ಸ್ವಲ್ಪ ಜಾಸ್ತಿ ಇರೋದರಿಂದ ಯಾರಿಗೂ ಕಮ್ಮಿ ಅನಿಸಲ್ಲ.

ಹಾಗಾದರೆ ಒಂದು ಟಿನ್‌ಗೆ: ಮೈದಾ 185 ಗ್ರಾಂ, ಸಕ್ಕರೆ 200, ಬೆಣ್ಣೆ 113, ಮೊಟ್ಟೆ 2, ಹಾಲು 120 ಮಿಲಿ, ಬೇಕಿಂಗ್ ಪೌಡರ್ ಒಂದೂವರೆ ಟೀ ಚಮಚ, ಉಪ್ಪು ಕಾಲು ಚಮಚ, ವೆನಿಲಾ ಒಂದು ಚಮಚ. ಒಂದು ಟೇಬಲ್ ಚಮಚ ಅಂದರೆ ಮೂರು ಟೀ ಚಮಚ, ಅದಕ್ಕೇ ಒಂದೂವರೆ. ಇದನ್ನು ಅರ್ಧ ಟೇಬಲ್ ಚಮಚ ಅಂತ ಕಣ್ಣಂದಾಜಿನಲ್ಲಿ ಹಾಕೋಕೆ ಹೋಗಬೇಡಿ. ಜಾಸ್ತಿ ಆದರೆ ಕೇಕ್ ಓವನ್ನಿನಲ್ಲಿ ಚೆನ್ನಾಗಿ ಎದ್ದು ಹೊರಗೆ ಬರೋ ಹೊತ್ತಿಗೆ ನಡು ಕುಸಿದುಬಿಡುತ್ತೆ. ಪ್ರಮಾಣ ಹೆಚ್ಚಿಸಿದಾಗ ಬೇಕಿಂಗ್ ಪೌಡರ್ ಕಮ್ಮಿ ಹಾಕಬೇಕು ಅಂತ ಒಂದು ಮಾತು ಓಡಾಡ್ತಿರುತ್ತೆ, ಮನೆಯ ಮಟ್ಟದ ಅರ್ಧ, ಒಂದೂವರೆ ಲೆಕ್ಕಕ್ಕೆ ಅದು ಬೇಕಿಲ್ಲ, ಮೈದಾ ಎಷ್ಟು ಪಟ್ಟೋ ಅದೂ ಅಷ್ಟೇ ಪಟ್ಟು.

ಬೆಣ್ಣೆ 100 ಗ್ರಾಂ ಪ್ಯಾಕೆಟ್ ಒಂದು ಪೂರ್ತಿ, ಮೇಲೆ ಒಂದು ಟೇಬಲ್ ಚಮಚ ಸೇರಿಸಿದರೆ 113ರ ಹತ್ತಿರ ಬಂತು. ಬ್ರೆಡ್‌ಗೆ ಹಚ್ಚೋ ಉಪ್ಪಿನ ಬೆಣ್ಣೆ ಆದರೆ ರೆಸಿಪಿಯ ಉಪ್ಪು ಬಿಟ್ಟುಬಿಡಿ. ಮನೆಯಲ್ಲಿ ಕಡೆದ ಬೆಣ್ಣೆ ಈ ಕೇಕಿಗೆ ಬೇಡ. ರುಚಿ ಚೆನ್ನಾಗಿರುತ್ತೆ ನಿಜ, ಆದರೆ ಅದರಲ್ಲಿ ನೀರು ಎಷ್ಟಿದೆ ಅಂತ ಗೊತ್ತಾಗಲ್ಲ, ಇಷ್ಟೊತ್ತು ತೂಗಿದ್ದು ನೀರಲ್ಲಿ ಹೋಮ. ಚಿಕ್ಕ ಮೊಟ್ಟೆ ಸಿಕ್ಕಿದ್ದರೆ ಒಡೆದು ತೂಗಿ ನೋಡಿ, ಎರಡು ಸೇರಿ 100 ಗ್ರಾಂ ಬೇಕು. ಎಂಬತ್ತು ಬಂದರೆ ಮೂರನೆಯದನ್ನು ಕದಡಿ 20 ಗ್ರಾಂ ಸೇರಿಸಿ.

ಮೂರಕ್ಕೂ ಸೇರಿ ಒಟ್ಟಿಗೆ ಕಲಸಿಟ್ಟುಕೊಳ್ಳಬಹುದಾ ಅಂತ ನೀವು ಮುಂದೆ ಕೇಳೇ ಕೇಳ್ತೀರಿ. ಒಟ್ಟಿಗೆ ತೂಗಿಡಿ, ಒಟ್ಟಿಗೆ ಕಲಸಬೇಡಿ. ಓವನ್ನಿನಲ್ಲಿ ಒಂದೇ ಟಿನ್ ಹಿಡಿಯೋದು, ಮೂರನೆಯ ಸರದಿ ಬರೋಕೆ ಎರಡು ಗಂಟೆ ಆಗಬಹುದು. ಬೇಕಿಂಗ್ ಪೌಡರ್ ಹಾಲು ತಾಗಿದ ಕೂಡಲೇ ಕೆಲಸ ಶುರು ಮಾಡುತ್ತೆ, ಕಾದಷ್ಟೂ ಗುಳ್ಳೆ ಹೋಗುತ್ತಿರುತ್ತೆ. ಅದರ ಮೇಲೆ ನಮ್ಮ ಕಡೆಯ ಬಿಸಿಲು. ಬೆಣ್ಣೆ ಸಕ್ಕರೆ ಉಜ್ಜುವಾಗ ಗಾಳಿ ಹಿಡಿಯಬೇಕಾದರೆ ಬೆಣ್ಣೆ ಮೆತ್ತಗಿರಬೇಕು, ಕರಗಿರಬಾರದು, ಸುಮಾರು 20 ಡಿಗ್ರಿ. ಬೇಸಿಗೆಯಲ್ಲಿ ಗಂಗಾವತಿ, ಬಳ್ಳಾರಿ, ರಾಯಚೂರಿನ ಅಡುಗೆಮನೆಯಲ್ಲಿ ‘ಹೊರಗೆ ಇಟ್ಟು ಮೆತ್ತಗೆ ಮಾಡಿ’ ಅನ್ನೋ ಮಾತಿಗೆ ಅರ್ಥ ಇಲ್ಲ, ಕಾಲು ಗಂಟೆಯಲ್ಲಿ ಎಣ್ಣೆ ಆಗಿರುತ್ತೆ. ಫ್ರಿಜ್ಜಿನಿಂದ ತೆಗೆದು ತುಂಡು ಮಾಡಿ ಕೆಲವೇ ನಿಮಿಷ ಬಿಡಿ. ಬೆರಳಿಂದ ಒತ್ತಿದರೆ ಗುಳಿ ಬೀಳಬೇಕು, ಮೇಲೆ ಹೊಳಪು ಬರಬಾರದು. ಹೊಳೀತಿದ್ದರೆ ಬಟ್ಟಲನ್ನೇ ಐದು ನಿಮಿಷ ಫ್ರಿಜ್ಜಿಗೆ ತಳ್ಳಿ.

ಒಂದೇ ಟಿನ್ನಿನಲ್ಲಿ ಮೂರು ಸಲ ಬೇಯಿಸೋದಾದರೆ ಟಿನ್ ಪೂರ್ತಿ ತಣ್ಣಗಾದ ಮೇಲೆ ಮುಂದಿನ ಹಿಟ್ಟು ಹಾಕಿ. ಬಿಸಿ ಟಿನ್‌ಗೆ ಹಾಕಿದರೆ ಬೆಣ್ಣೆ ಅಂಚಿನಲ್ಲಿ ಕರಗಿ ಇಳಿಯುತ್ತೆ, ಸುತ್ತ ಜಿಡ್ಡಿನ ಗಟ್ಟಿ ಪದರ ಕೂರುತ್ತೆ. ಇದಕ್ಕೆಲ್ಲ ಸೇರಿ ಶನಿವಾರ ಮೂರು ಗಂಟೆ ಹಿಡಿಯುತ್ತೆ, ನಿಮ್ಮ ಏರಿಯಾದಲ್ಲಿ ಕರೆಂಟ್ ಯಾವಾಗ ಹೋಗುತ್ತೆ ಅನ್ನೋದು ನೋಡಿಕೊಂಡು ಹೊತ್ತು ಆರಿಸಿ. ನಡುವೆ ಹೋದರೆ ಬಾಗಿಲು ತೆಗೆದು ಇಣುಕಬೇಡಿ, ಒಳಗಿನ ಬಿಸಿ ಸ್ವಲ್ಪ ಹೊತ್ತು ಕಾಯುತ್ತೆ.

ಇನ್ನೊಂದು ದಾರಿ, ಪರಿಚಯದ ಬೇಕರಿಯವರ ದೊಡ್ಡ ಓವನ್. ದೊಡ್ಡ ಟ್ರೇ ಸಿಕ್ಕರೆ ಅಲ್ಲಿ ಒಂದೇ ಸಲಕ್ಕೆ ಆಗುತ್ತೆ, ಆದರೆ ಟ್ರೇ ಎಷ್ಟು ದೊಡ್ಡದು ಅಂತ ಮೊದಲೇ ಅಳೆದು ಬನ್ನಿ, ಮತ್ತೆ ಬ್ರೆಡ್ ಬೇಯಿಸಿದ ಓವನ್ 200ರ ಮೇಲೆ ಇರುತ್ತೆ, ಕೇಕಿಗೆ ಅದು ಇಳಿಯೋ ತನಕ ಅವರು ಕಾಯ್ತಾರಾ ಅಂತ ಕೇಳಿ. ಪಕ್ಕದ ಮನೆಯಿಂದ ಬೇರೆ ಅಳತೆಯ ಟಿನ್ ತಂದರೆ ಅದಕ್ಕೂ ಮೇಲಿನ ಲೆಕ್ಕವೇ. ಒಂದು ಎಚ್ಚರ, 8 ಇಂಚಿನ ಚೌಕ ಟಿನ್ ನಿಮ್ಮ ದುಂಡನೆಯದಕ್ಕೆ ಸಮ ಅಲ್ಲ, ಅದು 64 ಚದರ ಇಂಚು. ಅದಕ್ಕೆ ಅರ್ಧ ರೆಸಿಪಿ ಹಾಕಿದರೆ ಕೇಕ್ ತೆಳ್ಳಗಾಗಿ ಬೇಗ ಬೇಯುತ್ತೆ, ಐದಾರು ನಿಮಿಷ ಮೊದಲೇ ನೋಡಬೇಕು.

ಸಮಯದ ಬಗ್ಗೆ ರೆಸಿಪಿಯ 35–40 ನಿಮಿಷವನ್ನು ಸುಮ್ನೆ ಒಂದು ಸೂಚನೆ ಅಂತ ಇಟ್ಟುಕೊಳ್ಳಿ. ನಿಮ್ಮ ಹಿಟ್ಟು ಸ್ವಲ್ಪ ದಪ್ಪ, ಅದಕ್ಕೆ ಹೊತ್ತು ಜಾಸ್ತಿ ಬೇಕು. ಸಣ್ಣ ಓಟಿಜಿಯಲ್ಲಿ ಕಾಯುವ ಕಂಬಿಗಳು ತೀರಾ ಹತ್ತಿರ, ಮೇಲ್ಭಾಗ ಬೇಗ ಕೆಂಪಾಗುತ್ತೆ. ಟಿನ್ನನ್ನು ಕೆಳಗಿನ ಹಂತದಲ್ಲಿಡಿ, 30 ನಿಮಿಷಕ್ಕೆ ಗಾಜಿನಿಂದ ನೋಡಿ. ಅಂಚು ಟಿನ್ ಬಿಟ್ಟು ಸ್ವಲ್ಪ ಒಳಗೆ ಸರಿದಿರಬೇಕು, ನಡುವೆ ಬೆರಳಿಟ್ಟರೆ ಮೇಲೆ ಪುಟಿಯಬೇಕು, ಕಡ್ಡಿಗೆ ಹಸಿ ಹಿಟ್ಟು ಅಂಟಬಾರದು. ಒಂದೆರಡು ಒಣ ಪುಡಿ ಅಂಟಿದರೆ ಪರವಾಗಿಲ್ಲ. ಮೇಲೆ ಕೆಂಪಾಗಿ ನಡು ಇನ್ನೂ ಅಲುಗಾಡ್ತಿದ್ದರೆ ಮೇಲೊಂದು ಫಾಯಿಲ್ ಹಾಳೆ ಸಡಿಲವಾಗಿ ಮುಚ್ಚಿ ಬಿಡಿ.

ಮೊದಲ ಟಿನ್‌ಗೆ ಎಷ್ಟು ನಿಮಿಷ ಹಿಡಿಯಿತು ಅಂತ ಬರೆದಿಡಿ. ಎರಡನೆಯದು ಒಂದೆರಡು ನಿಮಿಷ ಮೊದಲೇ ಆಗಬಹುದು, ಅಷ್ಟೊತ್ತಿಗೆ ಓವನ್ನಿನ ಗೋಡೆಗಳೂ ಚೆನ್ನಾಗಿ ಕಾದಿರುತ್ತವೆ. ನಾದಿನಿ ಇಳಿದು ಫೋನ್ ಹಚ್ಚಿದಾಗ ಇಷ್ಟು ಹೇಳಿ: 8 ಇಂಚು, ಅರ್ಧ ರೆಸಿಪಿ, ಮೂರು ಸಲ.